ಹಾಜರಿ ಪಿಪಿಟಿಯನ್ನು ಸಂಬಳ ಚೀಟಿಯಿಂದ ಶುರು ಮಾಡು

ನೀನು ಕಳಿಸಿದ ಪಿಪಿಟಿ ಓದಿದೆ ಕಣಮ್ಮ. ಮೊದಲ ಆರು ಸ್ಲೈಡ್ ತುಂಬ ಸಾಫ್ಟ್‌ವೇರಿನ ಗುಣಗಾನ, ಆಮೇಲೆ ಎಂ.ಡಿ. ಸಾಹೇಬರ ಫೋಟೊ. ರಜೆ ಬಾಕಿ ಏನಾಗುತ್ತೆ ಅನ್ನೋ ಮಾತು ಕೊನೆಯ ಸ್ಲೈಡಿನ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ನಿಮ್ಮದು ಮೂರು ಪಾಳಿಯ ಕಾರ್ಖಾನೆ. ಕ್ಯಾಂಟೀನಿನಲ್ಲಿ ನಿನ್ನ ಪಿಪಿಟಿ ನೋಡಲು ಕೂರುವವರ ತಲೆಯಲ್ಲಿ ಇರೋದು ಎರಡೇ ಪ್ರಶ್ನೆ: ನನ್ನ ರಜೆ ಎಷ್ಟು ಉಳೀತು, ಬರೋ ಸಂಬಳದಲ್ಲಿ ಎಷ್ಟು ಕಟ್ ಆಗುತ್ತೆ. ಟೈಮ್ ಆಫೀಸಿನಲ್ಲಿ ಮಸ್ಟರ್ ಪುಸ್ತಕದಿಂದ ಹಿಡಿದು ಬೆರಳಚ್ಚಿನ ಯಂತ್ರದ ತನಕ ಎಲ್ಲವನ್ನೂ ನೋಡಿದವನು ನಾನು. ಅದಕ್ಕೇ ಹೇಳೋದು, ಹೊಸ ಪದ್ಧತಿಯ ಮೊದಲ ಸಂಬಳ ಚೀಟಿಯನ್ನು ಮುಂದಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಬರೆ.

• ಮೊದಲು ತಾರೀಖು ಸರಿಮಾಡು. ನೀನು ಜುಲೈ 1ರಿಂದ ಹೊಸ ಪದ್ಧತಿ ಅಂತ ಬರೆದಿದ್ದೀಯ. ನಿಮ್ಮಲ್ಲಿ ಹಾಜರಿ ಲೆಕ್ಕ ನಡೆಯೋದು 21ರಿಂದ ಮುಂದಿನ ತಿಂಗಳ 20ರವರೆಗೆ. 1ನೇ ತಾರೀಖಿಗೆ ಬದಲಾಯಿಸಿದರೆ ಒಂದೇ ಸಂಬಳದೊಳಗೆ 10 ದಿನ ಹಳೇ ಯಂತ್ರದ್ದು, 20 ದಿನ ಹೊಸದರದ್ದು. ಎರಡನ್ನೂ ಕೂಡಿಸೋರು ಯಾರು? ಯಾರೋ ಒಬ್ಬ ಹುಡುಗ ಎಕ್ಸೆಲ್‌ನಲ್ಲಿ ರಾತ್ರಿಯೆಲ್ಲ ಕೂತು ಕೂಡಿಸಬೇಕು. ತಪ್ಪು ಹುಟ್ಟೋದು ಅಲ್ಲೇ. ಜೂನ್ 21ಕ್ಕೆ ಶುರು ಮಾಡಿ. ಆಮೇಲೆ ಮೊದಲ ಸ್ಲೈಡಿನಲ್ಲಿ ಇಷ್ಟೇ ಇರಲಿ: "ಜೂನ್ 20ರ ತನಕ ಹಳೇ ಕಾರ್ಡ್. ಜೂನ್ 21ರ ಎ ಶಿಫ್ಟಿನಿಂದ ಹೊಸ ಯಂತ್ರ. ಜುಲೈ ಕೊನೆಯ ಸಂಬಳ ಹೊಸ ಲೆಕ್ಕದ್ದು." ಎ ಶಿಫ್ಟ್ ಅಂತ ಸ್ಪಷ್ಟವಾಗಿ ಬರೆ. ಇಲ್ಲದಿದ್ದರೆ 20ರ ರಾತ್ರಿ ಪಾಳಿಯವರು ಬರುವಾಗ ಹಳೇ ಕಾರ್ಡ್ ಒತ್ತಿ, ಬೆಳಿಗ್ಗೆ ಹೋಗುವಾಗ ಹೊಸದರ ಮುಂದೆ ನಿಲ್ಲುತ್ತಾರೆ. ಆ ರಾತ್ರಿಯವರು ಬೆಳಿಗ್ಗೆ ಹೊರಡುವಾಗಲೂ ಹಳೇ ಕಾರ್ಡೇ ಒತ್ತಬೇಕು ಅನ್ನೋದಕ್ಕೆ ಬೇರೆ ಸಾಲು ಬೇಕು.

• ಯಂತ್ರ ಬದಲಾಗುತ್ತಿದೆಯೋ, ನಿಯಮವೂ ಬದಲಾಗುತ್ತಿದೆಯೋ? ನಿನ್ನ ಪಿಪಿಟಿಯಲ್ಲಿ ಇವೆರಡೂ ಕಲಸಿಹೋಗಿವೆ. "ಸಿ.ಎಲ್. ಪ್ರತಿ ತಿಂಗಳು ಜಮಾ ಆಗುತ್ತದೆ" ಅಂತ ಸುಮ್ಮನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಅದು ಏನು ಮಾಡುತ್ತೆ ನೋಡು. ಈವರೆಗೆ ನಿಮ್ಮಲ್ಲಿ ವರ್ಷದ 12 ಸಿ.ಎಲ್. ಜನವರಿ 1ಕ್ಕೇ ಒಟ್ಟಿಗೆ ಸಿಗುತ್ತಿತ್ತು. ಒಬ್ಬ ಟರ್ನರ್ ಮಗಳ ಮದುವೆ ಮಾತುಕತೆಗೆ, ಊರ ಜಾತ್ರೆಗೆ ಅಂತ ಜೂನ್ ಹೊತ್ತಿಗೆ 8 ದಿನ ಖರ್ಚು ಮಾಡಿದ್ದಾನೆ ಅನ್ನು. ಹಳೇ ರಿಜಿಸ್ಟರಿನಲ್ಲಿ ಅವನಿಗೆ ಇನ್ನೂ 4 ದಿನ ಇದೆ. ಹೊಸದು ತಿಂಗಳಿಗೆ ಒಂದರಂತೆ ಆರು ತಿಂಗಳಿಗೆ 6 ಕೊಟ್ಟು, ಅದರಲ್ಲಿ 8 ಕಳೆಯುತ್ತೆ. ಜೂನ್ 21ರ ಬೆಳಿಗ್ಗೆ ಅವನ ಪರದೆಯ ಮೇಲೆ ಮೈನಸ್ 2. ಅವನು ತಪ್ಪೇನೂ ಮಾಡಿಲ್ಲ. ಮಾರನೆ ದಿನ ಮಗುವಿಗೆ ಜ್ವರ ಅಂತ ರಜೆ ಹಾಕಿದರೆ ಸಾಫ್ಟ್‌ವೇರ್ ಅದನ್ನು ಎಲ್.ಓ.ಪಿ. ಅನ್ನುತ್ತೆ, ಸಂಬಳ ಹೋಗುತ್ತೆ. ಇದು ಸಾಫ್ಟ್‌ವೇರಿನ ಸೆಟ್ಟಿಂಗ್ ಅಂತ ಮಾರಿದವನು ನಿನಗೆ ಹೇಳಿರುತ್ತಾನೆ. ಕಾರ್ಮಿಕನ ಪಾಲಿಗೆ ಅದು ನಿಯಮದ ಬದಲಾವಣೆ.

ಇ.ಎಲ್. ಕಾನೂನು ಕೊಟ್ಟದ್ದು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ನಡೆದುಬಂದ ಲೆಕ್ಕದಂತೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನ. ಸಿ.ಎಲ್. ಹಾಗಲ್ಲ, ಅದು ನಿಮ್ಮ ಆಡಳಿತಕ್ಕೂ ಯೂನಿಯನ್ನಿಗೂ ಆದ ಒಪ್ಪಂದದಲ್ಲಿ ಇರೋದು. ಹಾಗಾಗಿ ಅದನ್ನು ಮುಟ್ಟೋ ಮೊದಲು ಒಪ್ಪಂದದ ಪ್ರತಿ ತೆಗೆದು ಓದು. ಸಂಬಳ ಸಹಿತ ರಜೆಯ ಷರತ್ತು ಬದಲಿಸಬೇಕಾದರೆ 21 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ವಿಧಿಯಲ್ಲಿತ್ತು, 2020ರ ಸಂಹಿತೆಯಲ್ಲೂ ಅದು ಉಳಿದಿದೆ. ಪಿಪಿಟಿ ತೋರಿಸಿದ ಮಾತ್ರಕ್ಕೆ ನೋಟಿಸ್ ಕೊಟ್ಟಂತೆ ಆಗೋದಿಲ್ಲ. ನನ್ನ ಮಾತು ಕೇಳು: ಈ ವರ್ಷ ಡಿಸೆಂಬರ್ ತನಕ ಸಿ.ಎಲ್. ಹಳೇ ರೀತಿಯಲ್ಲೇ ಇರಲಿ ಅಂತ ಮೇಲಿನವರನ್ನು ಒಪ್ಪಿಸು. ಆಮೇಲೆ ಒಂದು ಸ್ಲೈಡಿಗೆ "ಬದಲಾಗದೆ ಇರುವುದು" ಅಂತಲೇ ತಲೆಬರಹ ಹಾಕು. ಸಭೆಯಲ್ಲಿ ಜನ ಉಸಿರು ಬಿಡೋದು ಅದೊಂದೇ ಸ್ಲೈಡಿಗೆ.

• ರಜೆ ಬಾಕಿಯ ಚೀಟಿ ಪ್ರತಿಯೊಬ್ಬರ ಕೈಗೂ ಹೋಗಲಿ. "ನಿಮ್ಮ ಬಾಕಿಯನ್ನು ಆ್ಯಪ್‌ನಲ್ಲಿ ನೋಡಿಕೊಳ್ಳಿ" ಅನ್ನೋ ಸಾಲು ತೆಗೆದುಹಾಕು. ಬದಲಾವಣೆಗೆ ಒಂದು ವಾರ ಮುಂಚೆ ಹೆಸರು, ಟೋಕನ್ ನಂಬರ್, ಇ.ಎಲ್., ಸಿ.ಎಲ್., ಎಸ್.ಎಲ್., ಕಾಂಪ್ ಆಫ್ ಎಷ್ಟು ಅಂತ ಚೀಟಿ ಪ್ರಿಂಟ್ ಮಾಡಿ ಸೂಪರ್‌ವೈಸರ್ ಕೈಲಿ ಹಂಚಿಸಿ, ಸರಿ ಇದ್ದರೆ ಸಹಿ, ಇಲ್ಲದಿದ್ದರೆ ತಕರಾರು ಬರೆಸಿಕೊಳ್ಳಿ. ಮೂರು ಕಡೆ ಲೆಕ್ಕ ತಪ್ಪೋದು ಖಾತ್ರಿ. ಅರ್ಧ ದಿನದ ರಜೆ ಒಂದು: 17.5 ಇದ್ದದ್ದು ಸೇರಿಸುವಾಗ 17 ಆಗಿರುತ್ತೆ. ಎರಡನೆಯದು, ಕಾಗದದಲ್ಲಿ ಮಂಜೂರಾಗಿ ಇನ್ನೂ ತೆಗೆದುಕೊಳ್ಳದ ರಜೆ. ಜೂನ್ 28ರಿಂದ ಐದು ದಿನ ಊರಿಗೆ ಅಂತ ಮೇ ತಿಂಗಳಲ್ಲೇ ಸಹಿ ಹಾಕಿಸಿಕೊಂಡವನ ಅರ್ಜಿ ಹೊಸ ಸಾಫ್ಟ್‌ವೇರಿಗೆ ಗೊತ್ತೇ ಇರೋದಿಲ್ಲ. ಅವನು ಊರಿನಲ್ಲಿ ಗದ್ದೆ ಕೆಲಸದಲ್ಲಿರುವಾಗ ಇಲ್ಲಿ ಗೈರುಹಾಜರಿ ಬೀಳುತ್ತೆ. ಮೂರನೆಯದು ಕಾಂಪ್ ಆಫ್, ಅದು ಎಷ್ಟೋ ಕಡೆ ಸೂಪರ್‌ವೈಸರ್ ಡೈರಿಯಲ್ಲಿ ಬಿಟ್ಟರೆ ಎಲ್ಲೂ ಇರೋದಿಲ್ಲ.

• ರಾತ್ರಿ ಪಾಳಿಗೆ ಒಂದು ಪೂರ್ತಿ ಸ್ಲೈಡ್ ಕೊಡು. ಹೊಸ ಪದ್ಧತಿ ಮಗುಚಿ ಬೀಳೋದು ಇಲ್ಲೇ, ಯಾಕೆ ಅಂತ ನಿನಗೂ ಗೊತ್ತಿರಲಿ. ಸಿ ಶಿಫ್ಟಿನವನು ಸೋಮವಾರ ರಾತ್ರಿ 9:52ಕ್ಕೆ ಒಳಗೆ ಬಂದು ಮಂಗಳವಾರ ಬೆಳಿಗ್ಗೆ 6:08ಕ್ಕೆ ಹೊರಗೆ ಹೋದ. ಯಂತ್ರ ನಡುರಾತ್ರಿ 12ಕ್ಕೆ ದಿನ ಮುಗಿಸೋ ಹಾಗೆ ಹೊಂದಿಸಿದ್ದರೆ ಸೋಮವಾರಕ್ಕೆ ಒಂದೇ ಪಂಚ್, ಹಾಗಾಗಿ ಗೈರು. ಮಂಗಳವಾರ ರಾತ್ರಿ 9:55ಕ್ಕೆ ಮತ್ತೆ ಬಂದಾಗ ಇನ್ನೂ ತಮಾಷೆ. ಆ ತಾರೀಖಿಗೆ ಬೆಳಿಗ್ಗೆ 6:08 ಮೊದಲ ಪಂಚ್, 9:55 ಕೊನೇ ಪಂಚ್, ಅಲ್ಲಿಗೆ ಅವನು 15 ಗಂಟೆ 47 ನಿಮಿಷ ದುಡಿದ! ಒಂದು ದಿನ ಸಂಬಳ ಇಲ್ಲ, ಮಾರನೆ ದಿನ ಬೆಟ್ಟದಷ್ಟು ಓ.ಟಿ. ಸಿ ಶಿಫ್ಟಿನಲ್ಲಿ ಮಾತ್ರ ಒಮ್ಮೆಲೇ ಗೈರು ಜಾಸ್ತಿಯಾದರೆ, ಹನ್ನೆರಡು ಗಂಟೆ ಮೀರಿದ ಹಾಜರಿ ಕಾಣಿಸಿದರೆ, ಕಾರಣ ಇದೇ ಅಂತ ತಿಳಿ. ಮಾರಿದವನಿಗೆ ಹೇಳಿ ಆ ಪಾಳಿಯ ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಹೊಂದಿಸು. ಪಾಳಿ ಬದಲಾಗುವ ವಾರದ ಮೊದಲ ದಿನವನ್ನು ಬೇರೆಯಾಗಿ ಪರೀಕ್ಷೆ ಮಾಡು. ಸ್ಲೈಡಿನಲ್ಲಿ ಇದೇ 9:52, 6:08ರ ಉದಾಹರಣೆ ಹಾಕಿ, "ಇದು ಸೋಮವಾರದ ಒಂದು ಪೂರ್ತಿ ಹಾಜರಿ" ಅಂತ ತೋರಿಸು.

• ಪಂಚ್ ತಪ್ಪಿದರೆ ಏನು ಮಾಡಬೇಕು ಅನ್ನೋದನ್ನು ಪರದೆಯ ಚಿತ್ರದ ಸಮೇತ ತೋರಿಸು. ಪರದೆಯಲ್ಲಿ Regularise ಅಂತಿದ್ದರೆ ಸ್ಲೈಡಿನಲ್ಲೂ ಅದೇ ಅಕ್ಷರ ಇರಲಿ, ನೀನು ಅದನ್ನು "ಹಾಜರಿ ಕ್ರಮಬದ್ಧಗೊಳಿಸುವಿಕೆ" ಅಂತ ಬರೆದರೆ ಆ ಬಟನ್ ಯಾರಿಗೂ ಸಿಗೋದಿಲ್ಲ. ವಿವರಣೆ ಕನ್ನಡದಲ್ಲಿ, ಒಡಿಶಾ ಜಾರ್ಖಂಡ್ ಹುಡುಗರಿರುವ ಲೈನಿಗೆ ಹಿಂದಿಯಲ್ಲೂ. ಎಷ್ಟು ದಿನದೊಳಗೆ ಕೋರಬೇಕು, ಯಾರು ಒಪ್ಪಬೇಕು, ಅವರೇ ರಜೆಯಲ್ಲಿದ್ದರೆ ಯಾರು, ಈ ಮೂರೂ ಇರಲಿ. ಕಂಪನಿ ಬಸ್ಸೇ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ದಿನ ನಲವತ್ತು ಜನ ಒಬ್ಬೊಬ್ಬರಾಗಿ ಕೋರಿಕೆ ಹಾಕೋದು ಬೇಡ. ಆ ಬಸ್ಸಿನವರಿಗೆಲ್ಲ ಟೈಮ್ ಆಫೀಸೇ ಒಟ್ಟಿಗೆ ಸರಿಮಾಡುತ್ತದೆ ಅಂತ ಬರೆ, ಬರೆಯೋ ಮೊದಲು ಟೈಮ್ ಆಫೀಸಿನವರನ್ನು ಕೇಳು.

• ಹೊಸ ಯಂತ್ರಕ್ಕೆ ಬೆರಳಚ್ಚು ಸಿಗದವರಿದ್ದಾರೆ. ಗ್ರೈಂಡಿಂಗ್‌ನಲ್ಲಿ, ಕೂಲಂಟ್ ಎಣ್ಣೆಯಲ್ಲಿ ವರ್ಷಗಟ್ಟಲೆ ಕೈಯಾಡಿಸಿದವರ ಬೆರಳ ಗೆರೆ ಸವೆದಿರುತ್ತೆ, ಯಂತ್ರ ಎರಡು ಮೂರು ಸಲ ಕೇಳುತ್ತೆ. ಅಂಥವರಿಗೆ ಕಾರ್ಡೋ ಮುಖ ನೋಡುವ ಯಂತ್ರವೋ ಇದೆ ಅನ್ನೋದು ಸ್ಲೈಡಿನಲ್ಲಿ ಇರಲಿ, "ತೊಂದರೆಯಾದರೆ ಸಂಪರ್ಕಿಸಿ" ಅಂತ ತೇಲಿಸಬೇಡ. ಸಾಲಿನ ಲೆಕ್ಕವನ್ನೂ ಹಾಕು: ಒಂದು ಗೇಟಿನಲ್ಲಿ ಒಂದೇ ಯಂತ್ರ, 200 ಜನ, ಒಬ್ಬರಿಗೆ 5 ಸೆಕೆಂಡ್ ಅಂದರೂ ಕೊನೆಯವನ ಸರದಿ ಬರುವಾಗ ಹದಿನಾರು ನಿಮಿಷ ದಾಟುತ್ತೆ. ಹೊತ್ತಿಗೆ ಸರಿಯಾಗಿ ಬಂದವನಿಗೆ ಲೇಟ್ ಮಾರ್ಕ್ ಬಿದ್ದರೆ ಅವನು ನಿನ್ನ ಪಿಪಿಟಿಯ ಒಂದಕ್ಷರವನ್ನೂ ಮತ್ತೆ ನಂಬೋದಿಲ್ಲ. ಯಂತ್ರ ಹೆಚ್ಚಿಸಿ, ಇಲ್ಲವೇ ಮೊದಲ ತಿಂಗಳು ಲೇಟ್ ಲೆಕ್ಕಕ್ಕೆ ಹಿಡಿಯೋದಿಲ್ಲ ಅಂತ ಬರೆದುಕೊಡಿ.

• ಆ್ಯಪ್‌ಗೆ ಓ.ಟಿ.ಪಿ. ಯಾವ ನಂಬರಿಗೆ ಹೋಗುತ್ತೆ? ಕೆಲಸಕ್ಕೆ ಸೇರಿದಾಗ ಕೊಟ್ಟದ್ದಕ್ಕೆ. ಅದೆಷ್ಟೋ ಜನ ಸಿಮ್ ಬದಲಿಸಿದ್ದಾರೆ. ಚೀಟಿ ಹಂಚುವಾಗಲೇ ಈಗಿನ ನಂಬರನ್ನೂ ಬರೆಸಿಕೊ.

• ರಜಾದಿನಗಳ ಪಟ್ಟಿಯನ್ನು ನೀನೇ ಒಮ್ಮೆ ತೆಗೆದು ನೋಡು. ಸಾಫ್ಟ್‌ವೇರ್ ಹೊರರಾಜ್ಯದ್ದಾದರೆ ಅದರೊಳಗೆ ತುಂಬಿಟ್ಟ ಪಟ್ಟಿಯಲ್ಲಿ ನವೆಂಬರ್ 1 ಇರಲಿಕ್ಕಿಲ್ಲ. 1963ರ ಕರ್ನಾಟಕದ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಐದು, ಜೊತೆಗೆ ಹಬ್ಬದ ರಜೆ ಐದು. ಜೂನ್‌ನಲ್ಲಿ ಶುರು ಮಾಡಿದರೆ ಈ ತಪ್ಪು ಯಾರ ಕಣ್ಣಿಗೂ ಬೀಳದೆ ನವೆಂಬರ್ ತನಕ ಮಲಗಿರುತ್ತೆ.

• ಮೊದಲ ತಿಂಗಳ ಮಾತನ್ನು ಹಣಕಾಸಿನವರಿಂದ ಬರಹದಲ್ಲಿ ಪಡೆದು ಸ್ಲೈಡಿಗೆ ಹಾಕು: "ಜುಲೈ ಸಂಬಳದಲ್ಲಿ ಸೂಪರ್‌ವೈಸರ್ ಸಹಿ ಇಲ್ಲದೆ ಯಾರಿಗೂ ಎಲ್.ಓ.ಪಿ. ಹಾಕುವುದಿಲ್ಲ." ಅವರು ಒಪ್ಪದಿದ್ದರೆ ಆ ಸಾಲು ಬೇಡ, ಆದರೆ ಆಗ ಜೂನ್ 21ಕ್ಕೆ ಶುರು ಮಾಡೋದೂ ಬೇಡ ಅಂತ ಸಭೆಯಲ್ಲಿ ಹೇಳು. ಹಳೇ ಯಂತ್ರವನ್ನು ಆ ಒಂದು ತಿಂಗಳು ಗೋಡೆಯಿಂದ ಕೀಳಿಸಬೇಡ, ಲೆಕ್ಕ ಹೊಸದರದ್ದೇ ಆದರೂ ಹೋಲಿಕೆಗೆ ಅದರಲ್ಲೂ ಒತ್ತಲಿ. ಎರಡು ಕಡೆಯೂ ಪಂಚ್ ಮಾಡೋದು ಜನಕ್ಕೆ ಕಿರಿಕಿರಿ, ನಿಜ. ಆದರೆ ತಕರಾರು ಬಂದಾಗ ಹೋಲಿಸಿ ನೋಡೋಕೆ ಬೇರೇನೂ ಇರೋದಿಲ್ಲ.

• ಗುತ್ತಿಗೆ ಕಾರ್ಮಿಕರು ಈ ಪದ್ಧತಿಯಲ್ಲಿ ಇದ್ದಾರೋ ಇಲ್ಲವೋ ಅನ್ನೋದು ನಿನ್ನ ಪಿಪಿಟಿಯಲ್ಲಿ ಎಲ್ಲೂ ಇಲ್ಲ. ಪಂಚ್ ಮಾಡಿದರೂ ಅವರ ಸಂಬಳ, ರಜೆಯ ಲೆಕ್ಕ ಗುತ್ತಿಗೆದಾರನ ಬಳಿಯೇ ಅಂತಾದರೆ ಅದನ್ನೇ ಬರೆ, ಗುತ್ತಿಗೆದಾರನ ಕಡೆಯ ಯಾರನ್ನು ಕೇಳಬೇಕು ಅನ್ನೋದನ್ನೂ.

• ಮೂರು ಪಾಳಿಗೂ ನೀನೇ ಹೋಗಿ ತೋರಿಸು. ಸಿ ಶಿಫ್ಟಿನವರನ್ನು ಬೆಳಿಗ್ಗೆ ಆರು ಗಂಟೆಗೆ ಹಿಡಿದು ಕೂರಿಸಬೇಡ, ನಿದ್ದೆಗಣ್ಣು, ಬಸ್ಸೂ ಕಾಯೋದಿಲ್ಲ. ರಾತ್ರಿ ಊಟದ ವಿರಾಮದಲ್ಲಿ ಕಾಲು ಗಂಟೆ ಸಾಕು. ಯೂನಿಯನ್ ಪದಾಧಿಕಾರಿಗಳಿಗೆ ಎರಡು ದಿನ ಮುಂಚೆಯೇ ತೋರಿಸಿರು, ಸಿ.ಎಲ್. ಸ್ಲೈಡಿನ ಮುಂದೆ ಅವರು ಎಲ್ಲಿ ತಡೀತಾರೆ ಅಂತ ಗೊತ್ತಾಗುತ್ತೆ. ಫೈಲಿನ ಹೆಸರಿನಲ್ಲಿ, ಪ್ರತಿ ಸ್ಲೈಡಿನ ಕೆಳಗೆ ತಾರೀಖು ಹಾಕಿಡು. ನೀನು ತಿದ್ದೋ ಮೊದಲಿನ ಆ ಜುಲೈ 1ರ ಪ್ರತಿ ಈಗಾಗಲೇ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುತ್ತೆ.