ದೂರವಾಣಿಯ ಬಿಲ್ಲೂ ಅಂಗಡಿಯ ಖರ್ಚೂ

ಸೋದರಮಾವನವರ ಅಂಗಡಿಯ ಹೊಸ ಪೋಸ್ಟ್‌ಪೇಯ್ಡ್ ಸಂಪರ್ಕದ ಮೊದಲ ಬಿಲ್ಲು 1,326 ರೂಪಾಯಿ. ಲೆಕ್ಕಕ್ಕೆ ಇಳಿಸಲು ನನ್ನ ಕೈಗೆ ಬಂದಿತು. ಅಷ್ಟನ್ನೂ ಖರ್ಚೆಂದು ಬರೆಯಬಹುದೇ? ಬಾಬುಗಳನ್ನು ಬಿಡಿಸಿ ನೋಡೋಣ.

ತಿಂಗಳ ಬಾಡಿಗೆ 500, ಅದಕ್ಕೆ ಸೇರದ ವಿದೇಶೀ ಕರೆಗಳಿಗೆ 100, ಒಮ್ಮೆ ಮಾತ್ರ ತೆರುವ ಸಂಪರ್ಕ ಶುಲ್ಕ 100. ಈ 700 ರೂಪಾಯಿಯೇ ಖರ್ಚು.

ಇದರ ಮೇಲೆ ಕೇಂದ್ರ, ರಾಜ್ಯಗಳ ಜಿ.ಎಸ್.ಟಿ. ತಲಾ ಶೇಕಡಾ 9ರಂತೆ ಒಟ್ಟು 126. ಬಿಲ್ಲಿನಲ್ಲಿ ಅಂಗಡಿಯ ಜಿ.ಎಸ್.ಟಿ. ಸಂಖ್ಯೆ ಇದ್ದುದರಿಂದ ಇದನ್ನು ಖರ್ಚಿಗೆ ಹಾಕಲಿಲ್ಲ. ಮಾರಾಟದ ಮೇಲೆ ಅಂಗಡಿ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಲು ಬೇರೆ ಖಾತೆಗೆ ಬರೆದೆ. ಸಂಖ್ಯೆ ಇಲ್ಲದಿದ್ದರೆ 826 ರೂಪಾಯಿಯೂ ಖರ್ಚೇ ಆಗುತ್ತಿತ್ತು.

ಉಳಿದ 500 ಮರಳಿ ಬರುವ ಠೇವಣಿ. ಅದು ಅಂಗಡಿಯ ಆಸ್ತಿ. ತೆರಿಗೆ 700ರ ಮೇಲೆ ಮಾತ್ರ ಬಿದ್ದಿರುವುದೇ ಅದರ ಗುರುತು.