ಕಿಟಕಿಯಾಚೆಯ ತೋಟ

ಸಕಲೇಶಪುರದ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ನನಗೆ ಒಂದು ಕೋಣೆಯ ಫೋಟೊ ಕಳಿಸಿದರು. ಬೇರೆ ಯಾರೋ ತೆಗೆದದ್ದು. ಮಂಚ, ರೆಡ್ ಆಕ್ಸೈಡ್ ನೆಲ, ಕಂದು ಮರದ ಚೌಕಟ್ಟು, ಕಬ್ಬಿಣದ ಸರಳು ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಕಿಟಕಿಯೊಳಗೆ ಮಾತ್ರ ಬರೀ ಬಿಳುಪು. "ಅಲ್ಲಿ ನಮ್ಮ ಕಾಫಿ ತೋಟ ಇದೆ ಸಾರ್, ಹಿಂದೆ ಗುಡ್ಡ ಇದೆ. ಜನ ಬರೋದೇ ಅದನ್ನ ನೋಡೋಕೆ," ಅಂದರು. ಬ್ರೋಷರ್ ಮುದ್ರಣಕ್ಕೆ ಹೊರಟಿತ್ತು. ಬೆಂಗಳೂರಿನಿಂದ ಹೋಗಿ ಮತ್ತೆ ಕೋಣೆ ತೆಗೆಯುವಷ್ಟು ಪುರುಸೊತ್ತು ಇರಲಿಲ್ಲ.

ಎಡಿಟಿಂಗ್‌ನಲ್ಲಿ ಹೈಲೈಟ್ ಇಳಿಸಿದರೆ ತೋಟ ತಾನಾಗಿ ಮೂಡೀತು ಎಂದು ಅವರ ನಂಬಿಕೆ. ಮೂಡುವುದಿಲ್ಲ. ಬೆಳಗಿನ ಹೊತ್ತು ಇಂಥ ಕೋಣೆಯೊಳಗೆ ಎಫ್/8ರಲ್ಲಿ ಅರ್ಧ ಸೆಕೆಂಡ್ ಬೆಳಕು ಬೇಕಾದರೆ, ಹೊರಗಿನ ತೋಟಕ್ಕೆ ಅದೇ ಎಫ್/8ರಲ್ಲಿ 1/125 ಸೆಕೆಂಡ್ ಸಾಕು. ಅಂದರೆ ಆರು ಸ್ಟಾಪ್, ಹೆಚ್ಚುಕಡಿಮೆ 64 ಪಟ್ಟು ವ್ಯತ್ಯಾಸ. ಕೆಂಪು, ಹಸಿರು, ನೀಲಿ ಮೂರೂ 255ಕ್ಕೆ ಹೋಗಿ ಮುಟ್ಟಿದ ಮೇಲೆ ಆ ಜಾಗದಲ್ಲಿ ಎಲೆಯೂ ಇಲ್ಲ, ಆಕಾಶವೂ ಇಲ್ಲ. ಇಳಿಸಿದರೆ ಬಿಳಿ ಹೋಗಿ ಬೂದು ಆಗುತ್ತದೆ, ಅಷ್ಟೆ. ಹೊಸ ನೋಟವನ್ನು ತಂದೇ ಕೂರಿಸಬೇಕು.

ಫೋನಿನಲ್ಲಿ ತೋಟದ ಫೋಟೊ ತೆಗೆದು ಕಳಿಸಿ ಎಂದೆ. ಸಂಜೆಯ ಹೊಂಬಿಸಿಲಿನಲ್ಲಿ ತೆಗೆದ ಸೊಗಸಾದ ಚಿತ್ರ ಬಂತು. ಅದನ್ನು ಬಳಸಲಿಲ್ಲ. ಕೋಣೆಯ ಫೋಟೊದಲ್ಲಿ ಕಿಟಕಿಯ ಬಿಸಿಲು ಸರಳಿನ ನೆರಳಿನ ಸಮೇತ ನೆಲದ ಮೇಲೆ ಬಿದ್ದಿತ್ತು. ಬಿಸಿಲು ಒಳಗೆ ಬರುತ್ತಿದೆ ಎಂದರೆ ಸೂರ್ಯ ಕಿಟಕಿಯ ಎದುರಿಗಿದ್ದಾನೆ. ಆಗ ಹೊರಗಿನ ಮರಗಳು ನಮ್ಮ ಕಡೆಗೆ ತಮ್ಮ ನೆರಳಿನ ಮೈಯನ್ನೇ ತೋರಿಸುತ್ತವೆ, ಎಲೆಗಳ ಅಂಚು ಮಾತ್ರ ಹೊಳೆಯುತ್ತದೆ. ಸಂಜೆಯ ಚಿತ್ರದಲ್ಲೋ ಪೂರ್ವದ ಮರಗಳ ಎದೆಯ ಮೇಲೇ ಬಿಸಿಲು. ನೋಡುವವರಿಗೆ ಕಾರಣ ಹೇಳಲು ಬರದಿರಬಹುದು, ಆದರೆ ಎಲ್ಲೋ ಸುಳ್ಳಿದೆ ಎಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಬೆಳಗ್ಗೆ, ನೆಲದ ಮೇಲೆ ಬಿಸಿಲು ಅದೇ ಜಾಗಕ್ಕೆ ಬಂದಾಗ ಇನ್ನೊಮ್ಮೆ ತೆಗೆಯಿರಿ ಎಂದು ಹೇಳಿದೆ. ಕೋಣೆಯ ಫೋಟೊ ತೆಗೆದ ಎತ್ತರದಲ್ಲೇ, ಅಂದರೆ ನೆಲದಿಂದ ನಾಲ್ಕು ಅಡಿಯಲ್ಲಿ, ಸರಳಿನ ಸಂದಿಯಲ್ಲಿ ಲೆನ್ಸ್ ಇಟ್ಟು, ಫೋನನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ.

ಇನ್ನು ಅಳತೆ. ಹೆಚ್ಚಿನವರು ಇಡೀ ತೋಟದ ಚಿತ್ರವನ್ನು ಕುಗ್ಗಿಸಿ ಕಿಟಕಿಯ ಚೌಕದೊಳಗೆ ತುರುಕುತ್ತಾರೆ. ಆಗ ಗುಡ್ಡ ಗೊಂಬೆಮನೆಯದಾಗುತ್ತದೆ. ಕೋಣೆಯ ಹಿಂಬದಿಯಲ್ಲಿ, ಕಿಟಕಿಯಿಂದ 14 ಅಡಿ ದೂರದಲ್ಲಿ ನಿಂತವನಿಗೆ ನಾಲ್ಕಡಿ ಅಗಲದ ಕಿಟಕಿಯಲ್ಲಿ ಕಾಣುವುದು 16 ಡಿಗ್ರಿಯಷ್ಟು ಹೊರಜಗತ್ತು ಮಾತ್ರ. ಉಳಿದದ್ದನ್ನು ಗೋಡೆ ಮರೆಮಾಡಿರುತ್ತದೆ. ಹಾಗಾಗಿ ಲೆನ್ಸಿನ ಲೆಕ್ಕ ಹಿಡಿದೆ. ಕೋಣೆಯ ಫೋಟೊ 16 ಎಂಎಂ ಲೆನ್ಸಿನದು ಎಂದು ಫೈಲೇ ಹೇಳುತ್ತಿತ್ತು, ಫೋನಿನದು 26 ಎಂಎಂಗೆ ಸಮ. ಎರಡೂ ಚಿತ್ರಗಳನ್ನು ಒಂದೇ ಅಗಲಕ್ಕೆ ತಂದು, ತೋಟವನ್ನು ಶೇಕಡ 60ರಷ್ಟಕ್ಕೆ ಇಳಿಸಿದರೆ ದೂರದ ಮರ, ಗುಡ್ಡ ತಮ್ಮ ನಿಜವಾದ ಗಾತ್ರದಲ್ಲಿ ನಿಲ್ಲುತ್ತವೆ. ಕಿಟಕಿಯಿಂದಾಚೆಗೆ ಉಳಿದದ್ದನ್ನು ಕತ್ತರಿಸಿದೆ.

ಮಾಲೀಕರಿಗೆ ಅಂಗಳದ ಹೂಕುಂಡಗಳೂ ಕಾಣಬೇಕಿತ್ತು. ಲೆಕ್ಕ ಅದಕ್ಕೆ ಒಪ್ಪಲಿಲ್ಲ. ಕ್ಯಾಮೆರಾ ನಾಲ್ಕಡಿ ಎತ್ತರದಲ್ಲಿದೆ, ಕಿಟಕಿಯ ಕೆಳಗಿನ ಕಟ್ಟೆ ಮೂರಡಿ. ಕಟ್ಟೆಯನ್ನು ಸವರಿಕೊಂಡು ಹೋಗುವ ನೋಟ 14 ಅಡಿಗೆ ಒಂದಡಿಯಂತೆ ಇಳಿಯುತ್ತದೆ. ಮನೆಯ ತಳಪಾಯ ಎರಡಡಿ ಎತ್ತರ. ಅಂಗಳ ಸಮತಟ್ಟಾಗಿದ್ದರೆ ಆ ನೋಟ ನೆಲ ಮುಟ್ಟುವುದು ಕಿಟಕಿಯಿಂದ 70 ಅಡಿ ಆಚೆ. ಅದಕ್ಕಿಂತ ಹತ್ತಿರದ ನೆಲವಾಗಲಿ, ಗಿಡ್ಡ ಕುಂಡವಾಗಲಿ ಕೋಣೆಯ ಹಿಂದಿನಿಂದ ಕಾಣಲು ಸಾಧ್ಯವೇ ಇಲ್ಲ. ಇದನ್ನು ಅವರಿಗೆ ಹೇಳಿದಾಗ ಮಂಚದ ಹಿಂದೆ ಹೋಗಿ ನಿಂತು ನೋಡಿ, "ಹೌದು ಸಾರ್, ಕಾಣಲ್ಲ," ಎಂದು ಫೋನಿನಲ್ಲೇ ಒಪ್ಪಿದರು.

ಮೇಲೆ ಕೆಳಗೆ ಎಲ್ಲಿ ಕೂರಿಸಬೇಕು ಎಂಬುದಕ್ಕೂ ಕೋಣೆಯೇ ಉತ್ತರ ಕೊಡುತ್ತದೆ. ಮಂಚದ ಅಂಚು, ಚಾವಣಿಯ ಅಂಚು ಹೀಗೆ ಒಳಗೆ ಓಡುವ ಸಮಾನಾಂತರ ಗೆರೆಗಳನ್ನು ಎಳೆದು ಮುಂದುವರಿಸಿದರೆ ಅವು ಒಂದೆಡೆ ಸೇರುತ್ತವೆ. ಅದು ಕ್ಯಾಮೆರಾದ ಕಣ್ಮಟ್ಟ. ಫೋನನ್ನು ವಾಲಿಸದೆ ತೆಗೆದ ಚಿತ್ರದಲ್ಲಿ ಕಣ್ಮಟ್ಟ ನಟ್ಟನಡುವೆ ಇರುತ್ತದೆ. ಎರಡನ್ನೂ ಒಂದೇ ಗೆರೆಗೆ ತಂದರೆ ಮುಗಿಯಿತು. ಗುಡ್ಡ ಚೆನ್ನಾಗಿ ಕಾಣಲಿ ಎಂದು ಅದರಿಂದ ಇಳಿಸಿದರೆ ಮನೆಯೇ ತೇಲಿದಂತೆ ಕಾಣುತ್ತದೆ.

ಸರಳುಗಳ ಸುತ್ತ ಕತ್ತರಿಸುವ ಕೆಲಸಕ್ಕೆ ಎಲ್ಲರೂ ಹೆದರುತ್ತಾರೆ. ಅದರ ಅಗತ್ಯವೇ ಇಲ್ಲ. ಫೋಟೊಶಾಪ್‌ನಲ್ಲಿ ತೋಟದ ಪದರವನ್ನು ಮೇಲಿಟ್ಟು ಬ್ಲೆಂಡ್ ಮೋಡನ್ನು Multiply ಮಾಡಿದರೆ ಕೆಳಗೆ ಅಚ್ಚ ಬಿಳುಪಿರುವಲ್ಲಿ ತೋಟ ಇದ್ದಂತೆಯೇ ಕಾಣುತ್ತದೆ, ಕಪ್ಪಾಗಿರುವ ಸರಳು ಕಪ್ಪಾಗಿಯೇ ಉಳಿಯುತ್ತದೆ. ಬೆಳಕು ಸೋರಿ ಬೂದಾಗಿದ್ದ ಸರಳಿನ ಅಂಚೂ ಇದರಿಂದ ಸರಿಹೋಗುತ್ತದೆ. ಕೈಯಿಂದ ಕತ್ತರಿಸಿದರೆ ಅಲ್ಲೇ ಬಿಳಿ ಎಳೆ ಉಳಿದು ಗುಟ್ಟು ರಟ್ಟಾಗುವುದು. ಚೌಕಟ್ಟಿನ ಆಚೆ ಗೋಡೆಗೆ, ಬಿಳಿ ಪರದೆಗೆ ಹಸಿರು ಬಳಿಯದಂತೆ ಮೃದು ಬ್ರಷ್‌ನಲ್ಲಿ ಮಾಸ್ಕ್ ಹಾಕಿದೆ. ಬೆಳಕು ಪೂರ್ತಿ ನುಂಗಿಹಾಕಿದ್ದ ಒಂದು ಸರಳಿನ ತುಂಡನ್ನು ಪಕ್ಕದ್ದರಿಂದ ನಕಲು ಮಾಡಿದೆ. ಚೌಕಟ್ಟಿಗೆ ಬಿಳಿ ಬಣ್ಣ ಬಳಿದ ಕಿಟಕಿಗಳಲ್ಲಿ ಈ ಉಪಾಯ ಇಷ್ಟು ಸಲೀಸಲ್ಲ, ಅಲ್ಲಿ ಮಾಸ್ಕ್ ಕೂತು ಬಿಡಿಸಲೇಬೇಕು.

ಕೊನೆಯದು ಬೆಳಕು, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು. ತೋಟವನ್ನು ಫೋನು ತೆಗೆದಷ್ಟೇ ಗಾಢವಾಗಿ ಬಿಟ್ಟರೆ ಗೋಡೆಗೆ ಕ್ಯಾಲೆಂಡರ್ ತೂಗಿಹಾಕಿದ ಹಾಗೆ ಕಾಣುತ್ತದೆ. ಒಳಗಿನಿಂದ ನೋಡುವಾಗ ಹೊರಗು ಯಾವಾಗಲೂ ಒಳಗಿಗಿಂತ ಬೆಳ್ಳಗಿರಬೇಕು. ಕೋಣೆಯ ಬಿಳಿ ಗೋಡೆ 210ರ ಆಸುಪಾಸಿನಲ್ಲಿತ್ತು, ನಾನು ಆಕಾಶವನ್ನು 240ಕ್ಕೆ ತಂದೆ. ಮರದ ನೆರಳಿನ ಕಪ್ಪನ್ನು 45ಕ್ಕೆ ಏರಿಸಿದೆ, ಬಣ್ಣದ ಗಾಢತೆ ಒಂದಿಷ್ಟು ಇಳಿಸಿದೆ. ಒಳಗೆ ಹಳದಿ ಬಲ್ಬ್ ಉರಿಯುತ್ತಿದ್ದುದರಿಂದ ಹೊರಗೆ ನಸು ನೀಲಿ ಉಳಿಸಿಕೊಂಡೆ. ಪರೀಕ್ಷೆ ಸುಲಭ: ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಕಣ್ಣು ಮೊದಲು ಕಿಟಕಿಗೇ ಹಾರಿದರೆ ಇನ್ನೂ ಮಸುಕು ಬೇಕು. ಮೊದಲು ಮಂಚ, ಆಮೇಲೆ ತೋಟ ಕಂಡರೆ ಸರಿ.

ಹೊಳೆಯುವ ನೆಲದ ಮೇಲಿನ ಕಿಟಕಿಯ ಬಿಳಿ ಪ್ರತಿಬಿಂಬಕ್ಕೂ ಚೂರು ಹಸಿರು ಸೋಕಿಸಿದೆ.

ತೋಟದಲ್ಲಿದ್ದ ವಿದ್ಯುತ್ ಕಂಬ ತೆಗೆಯಿರಿ ಎಂದು ಮಾಲೀಕರು ಕೇಳಿದರು. ನಾನು ತೆಗೆಯಲಿಲ್ಲ. ದುಡ್ಡು ಕೊಟ್ಟು ಬಂದವರು ಮರುದಿನ ಕಿಟಕಿ ತೆರೆದರೆ ಕಂಬ ಅಲ್ಲೇ ಇರುತ್ತದೆ. ಬೇರೆ ಊರಿನ ಗುಡ್ಡ ತಂದು ಕೂರಿಸುವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕೆಲಸ ಬೇಕಾದದ್ದು ಒಂದು ಫ್ರೇಮ್ ಇಲ್ಲದ್ದಕ್ಕೆ. ಒಳಾಂಗಣ ತೆಗೆಯುವವರು ಟ್ರೈಪಾಡ್ ಅಲುಗಿಸದೆ, ಕಿಟಕಿಯ ಸಲುವಾಗಿ 1/60 ಸೆಕೆಂಡಿನಲ್ಲಿ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಹೊರಗಿನ ಸರಿಯಾದ ಬೆಳಕಿಗಿಂತ ಒಂದು ಸ್ಟಾಪ್ ಹೆಚ್ಚೇ ಇರಲಿ, ಕಡಿಮೆ ಬೇಡ.