ಬಿಲ್ಲು ತಪ್ಪಾದರೆ ಗಿರಾಕಿಗೆ ಪತ್ರ

ರಾಜೇಶ್ವರದಲ್ಲಿ ಒಂದು ಪೈಪಿನ ಅಂಗಡಿ ಇದೆ ಎನ್ನೋಣ. ಹುಮನಾಬಾದಿನ ಗುತ್ತಿಗೆದಾರರೊಬ್ಬರು ಅಲ್ಲಿಂದ 12 ಪೈಪು ತರಿಸಿದರು. ತೆರಿಗೆ ಸೇರಿ ಒಂದಕ್ಕೆ 400 ರೂಪಾಯಿ. ಬಿಲ್ಲಿನಲ್ಲಿ 12 ಹೋಗಿ 21 ಅಂತ ಬಿತ್ತು. 4,800 ಕೊಡಬೇಕಾದವರು 8,400 ಕೊಟ್ಟುಬಿಟ್ಟರು.

ಸಂಜೆ ಅಂಗಡಿಯವರು ಪೈಪು ಎಣಿಸಿದರು. ಲೆಕ್ಕಕ್ಕಿಂತ 9 ಹೆಚ್ಚು ಇದ್ದವು. ತಪ್ಪು ಸಿಕ್ಕಿತು. ಮರುದಿನ ಇ-ಮೇಲ್ ಬರೆದರು:

“ಮಾನ್ಯರೇ, ನಮಸ್ಕಾರ. ನಿನ್ನೆಯ ಬಿಲ್ಲಿನಲ್ಲಿ 12 ಪೈಪಿಗೆ 21 ಎಂದು ಬರೆದಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ. ಹೆಚ್ಚಿಗೆ ಬಂದ 3,600 ರೂಪಾಯಿಯನ್ನು ನೀವು ಹಣ ಕಳಿಸಿದ ಖಾತೆಗೇ ಇಂದು ಹಾಕಿದ್ದೇವೆ. ಕ್ರೆಡಿಟ್ ನೋಟ್ ಜೊತೆಗಿದೆ. ನಿಮಗಾದ ತೊಂದರೆಗೆ, ಮುಂದಿನ ಸಲ ಸಾಮಾನು ಸಾಗಿಸುವ ಬಾಡಿಗೆ ನಮ್ಮದು.”

ಈ ಪತ್ರದಲ್ಲಿ 3,600 ರೂಪಾಯಿ ಪರಿಹಾರ ಅಲ್ಲ. ಅದು ಗಿರಾಕಿಯ ದುಡ್ಡೇ. ಬಾಡಿಗೆ ಬಿಟ್ಟದ್ದು ಮಾತ್ರ ಪರಿಹಾರ. ಎರಡನ್ನೂ ಕೂಡಿಸಿ ಬರೆದರೆ ಓದುವವರಿಗೆ ಸಿಟ್ಟು ಬರುತ್ತದೆ. “ತೊಂದರೆ ಆಗಿದ್ದರೆ ಕ್ಷಮಿಸಿ” ಅನ್ನುವುದೂ ಸರಿಯಲ್ಲ. ತೊಂದರೆ ಆಗಿಯೇ ಇದೆಯಲ್ಲ!

ಕ್ರೆಡಿಟ್ ನೋಟ್ ಅಂದರೇನು? ಕೊಟ್ಟ ಬಿಲ್ಲನ್ನು ಹರಿದುಹಾಕಿ ಸುಮ್ಮನಿರುವಂತಿಲ್ಲ. ಯಾವ ಬಿಲ್ಲಿನಲ್ಲಿ ಎಷ್ಟು ಹಣ, ಎಷ್ಟು ತೆರಿಗೆ ಕಡಿಮೆಯಾಯಿತು ಎಂದು ತೋರಿಸುವ ಚೀಟಿ ಅದು. ಅದರಲ್ಲಿ ಹಳೆಯ ಬಿಲ್ಲಿನ ನಂಬರು ಇರಬೇಕು. ಇಲ್ಲದಿದ್ದರೆ ಇಬ್ಬರ ಜಿ.ಎಸ್.ಟಿ. ಲೆಕ್ಕವೂ ಕೂಡುವುದಿಲ್ಲ.

ಇಂಥ ಪತ್ರ ನಿಮಗೇ ಬಂದರೆ? ಹಣ ಜಮಾ ಆಯಿತೇ ಎಂದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನೋಡಿರಿ. ಹಣ ವಾಪಸ್ ಪಡೆಯಲು ನಿಮ್ಮ ಪಿನ್ ಬೇಕಾಗಿಲ್ಲ. ಯಾರಾದರೂ ಕೇಳಿದರೆ ಅದು ಮೋಸ.